ಅಡ್ಮಿಷನ್ ಆಯ್ತು, ಮೊದಲ ವಾರ ಏನು ಮಾಡ್ಬೇಕು? ಪುಣೆಯ ಒಂದು ಕಾಲೇಜಿನ ಕಥೆ

ಪುಣೆಯ ಕಾಲೇಜೊಂದರ ವಿದ್ಯಾರ್ಥಿ ವಿಭಾಗದಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿ ಎರಡು ವರ್ಷದ ಹಿಂದೆ ನಿವೃತ್ತಳಾದೆ. ಖಿಡಕಿಯ ಒಳಗಡೆ ಕೂತು ಸಾವಿರಾರು ಮಕ್ಕಳ ಫೀಸು, ಐಡಿ ಕಾರ್ಡು, ಬೋನಫೈಡ್ ನೋಡಿದವಳು ನಾನು. ಕಳೆದ ವರ್ಷ ಮೊದಲ ಸಲ ಖಿಡಕಿಯ ಹೊರಗಡೆ ಸಾಲಿನಲ್ಲಿ ನಿಂತೆ. ಅರಸೀಕೆರೆಯಿಂದ ನನ್ನ ತಂಗಿ ಮಗಳು ಬಿ.ಕಾಂ.ಗೆ ಇಲ್ಲಿಗೆ ಬಂದಳು, ನಮ್ಮ ಚಿಂಚವಡದ ಮನೆಯಲ್ಲೇ ಇದ್ದಾಳೆ. ಕಾಲೇಜು ಮಾತ್ರ ಬೇರೆ, ನಾನು ಕೆಲಸ ಮಾಡಿದ್ದಲ್ಲ. ಅವಳನ್ನು ಇಲ್ಲಿ ಸಹನಾ ಅಂತ ಕರೀತೀನಿ, ನಿಜವಾದ ಹೆಸರು ಅದಲ್ಲ.

ಊರಿಂದ ಮಕ್ಕಳನ್ನು ಪುಣೆ, ಮುಂಬಯಿ ಕಡೆಗೆ ಓದೋಕೆ ಕಳಿಸ್ತಾ ಇರೋ ಮನೆಯವರು, ಆ ಮಕ್ಕಳನ್ನು ಇಲ್ಲಿ ನೋಡಿಕೊಳ್ಳೋ ಚಿಕ್ಕಪ್ಪ ದೊಡ್ಡಮ್ಮಂದಿರು ತುಂಬಾ ಜನ ಕೇಳಿದ್ದರಿಂದ, ಆ ಮೊದಲ ವಾರದಲ್ಲಿ ನಮಗೆ ಆದದ್ದನ್ನೇ ಇಟ್ಟುಕೊಂಡು ಹೇಳ್ತೀನಿ. ಎಲ್ಲಾ ಗೊತ್ತು ಅಂದುಕೊಂಡಿದ್ದ ನಾನೇ ಒಂದು ಕಡೆ ಎಡವಿದೆ. ಅದನ್ನೂ ಮುಚ್ಚಿಡೋದಿಲ್ಲ.

ಮೊದಲ ದಿನದ ತಮಾಷೆಯಿಂದ ಶುರು ಮಾಡೋಣ. ಸಹನಾ ಒಬ್ಬಳೇ ಖಿಡಕಿ ಹತ್ತಿರ ಹೋದಳು. ಒಳಗಿನ ಗುಮಾಸ್ತರು ಮರಾಠಿಯಲ್ಲಿ, "ಪಾವತಿ ಆಣಲೀ ಕಾ?" ಅಂದರು. ಇವಳು ಖುಷಿಯಿಂದ ತಲೆಯಾಡಿಸಿ, ಬಂದಷ್ಟು ಹಿಂದಿಯಲ್ಲಿ, "ಹಾಂ, ಪಾವತಿ ಹೋ ಗಯಾ" ಅಂದಳು. ಅವರು ಕೈ ಚಾಚಿದರು, ಇವಳು ನಕ್ಕಳು. ನಮ್ಮ ಕನ್ನಡದಲ್ಲಿ ಪಾವತಿ ಅಂದರೆ ಹಣ ಕಟ್ಟೋದು. ಮರಾಠಿಯಲ್ಲಿ ಪಾವತಿ ಅಂದರೆ ಹಣ ಕಟ್ಟಿದ್ದಕ್ಕೆ ಕೊಡೋ ರಸೀದಿ. "ರಸೀದಿ ತಂದಿದೀಯಾ" ಅಂತ ಅವರು ಕೇಳಿದರೆ "ಕಟ್ಟಾಯ್ತು" ಅಂತ ಇವಳು ಹೇಳ್ತಾ ಇದಾಳೆ. ಹಿಂದೆ ಇದ್ದ ಇಪ್ಪತ್ತು ಜನ ಗೊಣಗಿದರು, ಇವಳು ಕಣ್ಣೀರು ಹಾಕಿಕೊಂಡು ನನಗೆ ಫೋನ್ ಮಾಡಿದಳು. ಇನ್ನೊಂದು ಮಾತು ಕೂಡ ಇದೇ ರೀತಿ ಕಾಡುತ್ತೆ. ಇಲ್ಲಿನವರು "ಎಲ್‌ಸಿ ಕೊಡಿ" ಅಂತಾರೆ, ಇಲ್ಲಾ "ದಾಖಲಾ" ಅಂತಾರೆ. ಅದು ನಮ್ಮ ಪಿಯು ಕಾಲೇಜಿನವರು ಕೊಡೋ ಟಿಸಿ. ಎಲ್‌ಸಿ ಅನ್ನೋದು ಬೇರೆ ಏನೋ ಅಂದುಕೊಂಡು ಊರಿಗೆ ವಾಪಸ್ಸು ಹೋಗಿ ಹುಡುಕಿದ ಹುಡುಗರನ್ನೂ ನಾನು ನೋಡಿದೀನಿ.

ಈಗ ಆ ರಸೀದಿಯ ವಿಷಯ. ಐಡಿ ಕಾರ್ಡು ಕೈಗೆ ಬರೋದು ಮೂರು ನಾಲ್ಕು ವಾರ ಆದ ಮೇಲೆ. ಕೊನೆಯ ಅಡ್ಮಿಷನ್ ಪಟ್ಟಿ ಮುಗಿದ ಮೇಲೆ ಎಲ್ಲರದ್ದೂ ಒಟ್ಟಿಗೆ ಅಚ್ಚಿಗೆ ಹೋಗೋದು ಅದಕ್ಕೆ ಕಾರಣ. ಅಲ್ಲಿವರೆಗೆ ಗೇಟಲ್ಲಿ, ಲೈಬ್ರರಿಯಲ್ಲಿ, ಬೋನಫೈಡ್ ಕೇಳೋ ಕಡೆ, ಎಲ್ಲಾ ಕಡೆ ನೀವು ಯಾರು ಅಂತ ಹೇಳೋದು ಆ ರಸೀದಿಯೇ. ಹಾಗಾಗಿ ಮೊದಲ ದಿನದ ಕೆಲಸ ರಸೀದಿಯನ್ನು ಸರಿಯಾಗಿ ಪಡೆದುಕೊಳ್ಳೋದು.

"ಸರಿಯಾಗಿ" ಅಂತ ಯಾಕೆ ಅಂದೆ ಅಂದರೆ, ಬಹಳ ಜನರ ಹತ್ತಿರ ಇರೋದು ರಸೀದಿ ಅಲ್ಲ. ನನ್ನ ತಂಗಿ ಗಂಡ ಅರಸೀಕೆರೆಯಿಂದಲೇ ಎಸ್‌ಬಿಐ ಕಲೆಕ್ಟ್ ಮೂಲಕ ಫೀಸು ಕಟ್ಟಿದ್ದರು. ಅದರಲ್ಲಿ DU ಅಂತ ಶುರುವಾಗೋ ಒಂದು ಉಲ್ಲೇಖ ಸಂಖ್ಯೆ ಬರುತ್ತೆ, ಅದನ್ನು ಪ್ರಿಂಟ್ ಹಾಕಿ ಕಳಿಸಿದ್ದರು. ಅದು ಬ್ಯಾಂಕಿನ ಸ್ವೀಕೃತಿ. ಹಣ ಹೋಯಿತು ಅನ್ನೋದಕ್ಕೆ ಸಾಕ್ಷಿ, ಅಷ್ಟೇ. ಕಾಲೇಜಿನ ಲೆಕ್ಕ ವಿಭಾಗ ಆ ಸಂಖ್ಯೆಯನ್ನು ತಮ್ಮ ಪಟ್ಟಿಯ ಜೊತೆ ತಾಳೆ ನೋಡಿ, ತಮ್ಮ ರಸೀದಿ ಸಂಖ್ಯೆ ಹಾಕಿ, ಯಾವ ಬಾಬ್ತಿಗೆ ಎಷ್ಟು ಅಂತ ಬಿಡಿಸಿ ಬರೆದ ಇನ್ನೊಂದು ಕಾಗದ ಕೊಡಬೇಕು. ಅದೇ ಪಾವತಿ. ಅದಿಲ್ಲದೆ ಹೋದರೆ ಕಾಲೇಜಿನ ಕಂಪ್ಯೂಟರಿನಲ್ಲಿ ನೀವು ಇನ್ನೂ "ಫೀಸು ಬಾಕಿ" ಹುಡುಗಿಯೇ. ಫೀಸು ಬಾಕಿ ಅಂತ ಇದ್ದರೆ ರೋಲ್ ನಂಬರ್ ಬೀಳೋದಿಲ್ಲ, ರೋಲ್ ನಂಬರ್ ಇಲ್ಲದೆ ಇಮೇಲ್ ತೆರೆಯೋದಿಲ್ಲ, ಐಡಿ ಕಾರ್ಡಿನ ಪಟ್ಟಿಗೆ ಹೆಸರು ಹೋಗೋದಿಲ್ಲ. ಎಷ್ಟೋ ಮಕ್ಕಳು "ನನ್ನ ಐಡಿ ಬಂದಿಲ್ಲ" ಅಂತ ಸೆಪ್ಟೆಂಬರಿನಲ್ಲಿ ನನ್ನ ಖಿಡಕಿಗೆ ಬರ್ತಾ ಇದ್ದರು. ತೆಗೆದು ನೋಡಿದರೆ ಜುಲೈಯಲ್ಲೇ ಲೆಕ್ಕ ವಿಭಾಗದಲ್ಲಿ ತಾಳೆ ಆಗದೆ ನಿಂತಿರೋದು.

ಖಾತೆಯಿಂದ ಹಣ ಕಟ್ ಆಗಿ, ಪರದೆ ಮೇಲೆ ಏನೂ ಬಾರದೆ ನಿಂತುಬಿಟ್ಟರೆ ಗಾಬರಿಯಾಗಿ ತಕ್ಷಣ ಎರಡನೇ ಸಲ ಕಟ್ಟಬೇಡಿ. ಯಾವುದೇ ಪೋರ್ಟಲ್ ಇರಲಿ, ಹಿಂದಿನ ಪಾವತಿಗಳನ್ನು ತೋರಿಸೋ ಒಂದು ಜಾಗ ಇರುತ್ತೆ. ಎಸ್‌ಬಿಐ ಕಲೆಕ್ಟಿನಲ್ಲಿ ಅದು Payment History. ಅಲ್ಲಿ ಮೊದಲು ನೋಡಿ, ಬ್ಯಾಂಕ್ ಸ್ಟೇಟ್‌ಮೆಂಟಿನ ಆ ಸಾಲನ್ನು ಇಟ್ಟುಕೊಂಡು ಲೆಕ್ಕ ವಿಭಾಗಕ್ಕೆ ಹೋಗಿ. ಕೊನೆಯ ದಿನಾಂಕ ಮರುದಿನವೇ ಇದ್ದರೆ ಒಂದು ಅರ್ಜಿ ಬರೆದು, ಅದರ ಪ್ರತಿ ಮೇಲೆ ಇನ್‌ವರ್ಡ್ ಸೀಲು ಹಾಕಿಸಿಕೊಳ್ಳಿ. ಆ ಸೀಲು ಇದ್ದರೆ "ನೀವು ಸಮಯಕ್ಕೆ ಕಟ್ಟಿಲ್ಲ" ಅಂತ ಯಾರೂ ಆಮೇಲೆ ಹೇಳೋಕಾಗಲ್ಲ. ಎರಡು ಸಲ ಕಟ್ಟಿದ ಹಣ ವಾಪಸ್ಸು ಬರೋದು ಬರುತ್ತೆ, ಆದರೆ ಅದಕ್ಕೆ ಎಷ್ಟು ಸಲ ಓಡಾಡಬೇಕು ಅಂತ ಖಿಡಕಿಯೊಳಗೆ ಕೂತವಳಾಗಿ ನನಗೆ ಗೊತ್ತು.

ಸಹನಾಳ ರಸೀದಿ ಕೈಗೆ ಬಂತು. ಒಟ್ಟು 24,350 ರೂಪಾಯಿ. ಅದರಲ್ಲಿ ಬೋಧನಾ ಶುಲ್ಕ 15,800, ಅನಾಮತ್ ಅಂದರೆ ಡಿಪಾಸಿಟ್ 1,500, ಉಳಿದ 7,050 ಪರೀಕ್ಷೆ, ಅಭಿವೃದ್ಧಿ, ಜಿಮ್‌ಖಾನಾ, ವಿಶ್ವವಿದ್ಯಾಲಯದ ಶುಲ್ಕ ಇತ್ಯಾದಿ. ಇದನ್ನು ಬಿಡಿಸಿ ಓದೋದು ಯಾಕೆ ಮುಖ್ಯ ಅಂದರೆ ಒಂದೊಂದು ಸಾಲು ಒಂದೊಂದು ಕಡೆ ಬೇಕಾಗುತ್ತೆ. ಅವಳ ಅಪ್ಪ ಸಂಬಳದವರು, ಹಳೇ ತೆರಿಗೆ ಪದ್ಧತಿಯಲ್ಲೇ ಇದಾರೆ. ನಾವೆಲ್ಲ 80ಸಿ ಅಂತ ಕರೆಯೋ ರಿಯಾಯಿತಿಗೆ ಪೂರ್ತಿ 24,350 ತೋರಿಸ್ತೀನಿ ಅಂತ ಇದ್ದರು. ಹಾಗಾಗಲ್ಲ. ಅಲ್ಲಿ ಸೇರೋದು ಬೋಧನಾ ಶುಲ್ಕ ಮಾತ್ರ, ಅಭಿವೃದ್ಧಿ ಶುಲ್ಕ, ದೇಣಿಗೆ ಸೇರೋದಿಲ್ಲ. ಹೊಸ ಪದ್ಧತಿಯಲ್ಲಿ ಇರೋರಿಗೆ ಇದೂ ಇಲ್ಲ. ಇನ್ನು ಅನಾಮತ್ 1,500 ನಿಮ್ಮದೇ ಹಣ, ಕೋರ್ಸ್ ಮುಗಿಸಿ ಹೋಗುವಾಗ ವಾಪಸ್ಸು ಬರಬೇಕಾದ್ದು. ಅದನ್ನು ಕೇಳೋಕೆ ಮೂರು ವರ್ಷ ಆದ ಮೇಲೆ ಬರುವಾಗ ಮೂಲ ರಸೀದಿ ತೋರಿಸಿ ಅಂತಾರೆ. ನಮ್ಮಲ್ಲಿ ರಸೀದಿ ಬರ್ತಾ ಇದ್ದದ್ದು ಬಸ್ ಟಿಕೆಟ್ ತರಹದ ನುಣುಪು ಥರ್ಮಲ್ ಕಾಗದದಲ್ಲಿ. ಆರೇಳು ತಿಂಗಳಿಗೆ ಅಕ್ಷರ ಮಾಯವಾಗಿ ಬರೀ ಬಿಳೀ ಹಾಳೆ ಉಳಿಯುತ್ತೆ. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟವರದ್ದು ಇನ್ನೂ ಬೇಗ ಮಾಸುತ್ತೆ. ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಿ, ಮೊಬೈಲಲ್ಲಿ ಫೋಟೋ ತೆಗೆದು, ಆ ಫೋಟೋಗೆ ರಸೀದಿ ಸಂಖ್ಯೆಯನ್ನೇ ಹೆಸರಾಗಿ ಕೊಟ್ಟು ಇಡಿ.

ಎರಡನೇ ದಿನ ರಸೀದಿಯ ಮೇಲಿನ ಹೆಸರು ನೋಡಿದೆ. ಎದೆ ಝಲ್ ಅಂತು.

ಇದು ಊರಿಂದ ಬರೋ ನಮ್ಮ ಮಕ್ಕಳಿಗೇ ವಿಶೇಷವಾಗಿ ಆಗೋ ತೊಂದರೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಮಹಾರಾಷ್ಟ್ರದಲ್ಲಿ ಹೆಸರು ಬರೆಯೋ ಕ್ರಮ ಮೊದಲು ಆಡನಾವ್ ಅಂದರೆ ಅಡ್ಡಹೆಸರು, ಆಮೇಲೆ ತನ್ನ ಹೆಸರು, ಆಮೇಲೆ ತಂದೆ ಹೆಸರು. ತಾಯಿ ಹೆಸರಿಗೆ ಬೇರೆ ಕಾಲಂ. ಬೆಳಗಾವಿ, ವಿಜಯಪುರ ಕಡೆಯವರಿಗೆ ಅಡ್ಡಹೆಸರು ಇರುತ್ತೆ, ಹೇಗೋ ಹೊಂದಿಕೊಳ್ಳುತ್ತೆ. ನಮ್ಮ ಹಾಸನ, ತುಮಕೂರು, ಮೈಸೂರು ಕಡೆ ಇನಿಷಿಯಲ್ ಮಾತ್ರ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇವಳ ಹೆಸರು SAHANA H R ಅಂತ ಇದೆ. ಎಚ್ ಅಂದರೆ ಊರು, ಆರ್ ಅಂದರೆ ಅಪ್ಪ ರವಿಕುಮಾರ್. ಆಧಾರ್ ಮಾಡಿಸಿದಾಗ ಯಾರೋ Sahana Ravikumar ಅಂತ ಹಾಕಿಸಿದ್ದಾರೆ. ಕಾಲೇಜಿನ ಅರ್ಜಿಯಲ್ಲಿ ಅಡ್ಡಹೆಸರು ಕಡ್ಡಾಯ, ಖಾಲಿ ಬಿಟ್ಟರೆ ಮುಂದೆ ಹೋಗಲ್ಲ. ಹಾಗಾಗಿ ಅರ್ಜಿ ತುಂಬಿದವರು ಅಡ್ಡಹೆಸರಿನ ಜಾಗದಲ್ಲಿ H R, ತಂದೆ ಹೆಸರಿನ ಜಾಗದಲ್ಲಿ ರವಿಕುಮಾರ್ ಹಾಕಿದ್ದಾರೆ. ರಸೀದಿಯ ಮೇಲೆ ಬಂದದ್ದು H R SAHANA RAVIKUMAR. ಒಬ್ಬಳೇ ಹುಡುಗಿ, ಮೂರು ಕಾಗದದಲ್ಲಿ ಮೂರು ಹೆಸರು.

ಇದರಿಂದ ಏನಾಗುತ್ತೆ? ಇವತ್ತು ಏನೂ ಆಗಲ್ಲ, ಅದೇ ತೊಂದರೆ. ಕಾಲೇಜಿನಿಂದ ಹೆಸರು ವಿಶ್ವವಿದ್ಯಾಲಯಕ್ಕೆ ಹೋಗುತ್ತೆ, ಅಲ್ಲಿ ಪಿಆರ್‌ಎನ್ ಅಂತ ಒಂದು ಕಾಯಂ ನೋಂದಣಿ ಸಂಖ್ಯೆ ಬೀಳುತ್ತೆ. ಪರೀಕ್ಷೆಯ ಹಾಲ್ ಟಿಕೆಟ್, ಅಂಕಪಟ್ಟಿ, ಕೊನೆಗೆ ಪದವಿ ಪ್ರಮಾಣಪತ್ರ ಎಲ್ಲಾ ಅದೇ ಹೆಸರಿನಲ್ಲಿ. ಜೊತೆಗೆ ಈಗ ಎಬಿಸಿ ಐಡಿ ಇದೆ, ಅಪಾರ್ ಅಂತಲೂ ಕರೀತಾರೆ. ಹನ್ನೆರಡು ಅಂಕಿಯದ್ದು, ಡಿಜಿಲಾಕರ್ ಮೂಲಕ ಮಾಡಿಕೊಳ್ಳೋದು. ಪ್ರತಿ ಸೆಮಿಸ್ಟರಿನ ಕ್ರೆಡಿಟ್‌ಗಳು ಅಲ್ಲಿ ಜಮಾ ಆಗಬೇಕು. ಡಿಜಿಲಾಕರ್ ಹೆಸರು ತೆಗೆದುಕೊಳ್ಳೋದು ಆಧಾರಿಂದ, ವಿಶ್ವವಿದ್ಯಾಲಯ ಕಳಿಸೋದು ಕಾಲೇಜಿನ ಹೆಸರು. ಎರಡೂ ತಾಳೆಯಾಗದಿದ್ದರೆ ಕ್ರೆಡಿಟ್ ಎಬಿಸಿ ಖಾತೆಗೆ ಸೇರೋದಿಲ್ಲ. ಗೊತ್ತಾಗೋದು ಒಂದು ವರ್ಷದ ಮೇಲೆ.

ಮೊದಲ ವಾರದಲ್ಲಿ ಇದನ್ನು ಸರಿ ಮಾಡೋದು ಬಹಳ ಸುಲಭ. ಹೆಸರು ಇನ್ನೂ ಕಾಲೇಜಿನ ಕಂಪ್ಯೂಟರಿನಲ್ಲೇ ಇರುತ್ತೆ, ಒಂದು ಬಿಳಿ ಹಾಳೆಯ ಅರ್ಜಿ, ಅಂಕಪಟ್ಟಿಯ ಜೆರಾಕ್ಸ್, ರಸೀದಿಯ ಜೆರಾಕ್ಸ್ ಸಾಕು. ಗುಮಾಸ್ತರು ಎರಡು ನಿಮಿಷದಲ್ಲಿ ತಿದ್ದುತ್ತಾರೆ. ಪಿಆರ್‌ಎನ್ ಬಿದ್ದ ಮೇಲೆ ಅದೇ ಕೆಲಸಕ್ಕೆ ವಿಶ್ವವಿದ್ಯಾಲಯದವರೆಗೆ ಕಾಗದ ಹೋಗಬೇಕು, ಶುಲ್ಕ ಕಟ್ಟಬೇಕು, ಕಾಯಬೇಕು. ಯಾವ ಹೆಸರನ್ನು ಹಿಡೀಬೇಕು ಅಂತ ಕೇಳಿದರೆ, ನನ್ನ ಅಭಿಪ್ರಾಯ ಹತ್ತನೇ ತರಗತಿ ಅಂಕಪಟ್ಟಿಯದ್ದು. ಪಾಸ್‌ಪೋರ್ಟ್, ನೌಕರಿ ಎಲ್ಲಾ ಕಡೆ ಕೊನೆಗೆ ಅದನ್ನೇ ಕೇಳ್ತಾರೆ. ಹಾಗಾದರೆ ಬದಲಾಗಬೇಕಾದ್ದು ಆಧಾರ್. ಆಧಾರಿನಲ್ಲಿ ಹೆಸರನ್ನು ಜೀವನದಲ್ಲಿ ಎರಡೇ ಸಲ ತಿದ್ದೋಕೆ ಅವಕಾಶ, ಅದಕ್ಕೇ ಒಂದೊಂದು ಅಕ್ಷರ, ಇನಿಷಿಯಲ್ ನಡುವಿನ ಖಾಲಿ ಜಾಗ ಎಲ್ಲಾ ನೋಡಿಕೊಂಡು ತಿದ್ದಿಸಿ. ಸಹನಾಳಿಗೆ ಅಡ್ಡಹೆಸರಿನ ಕಾಲಂ ಕಡ್ಡಾಯ ಇದ್ದದ್ದರಿಂದ ಗುಮಾಸ್ತರು ಅಲ್ಲಿ ಒಂದು ಚುಕ್ಕೆ ಹಾಕಿ, ಹೆಸರಿನ ಕಾಲಂನಲ್ಲಿ SAHANA H R ಅಂತ ಪೂರ್ತಿ ಬರೆದರು. ಚುಕ್ಕೆ ಮುದ್ರಣದಲ್ಲಿ ಬರಲಿಲ್ಲ ಅನ್ನೋದನ್ನು ಪ್ರಿಂಟ್ ತೆಗೆಸಿ ನೋಡಿಕೊಂಡೇ ಬಂದೆವು. ಬೇರೆ ಕಾಲೇಜಿನ ಸಾಫ್ಟ್‌ವೇರ್ ಚುಕ್ಕೆ ಒಪ್ಪದೇ ಇರಬಹುದು, ಆಗ ಅವರ ದಾರಿ ಬೇರೆ. ಆದರೆ ಪ್ರಿಂಟ್ ನೋಡದೆ ಬರಬೇಡಿ.

ಹೊರ ರಾಜ್ಯದ ಬೋರ್ಡಿನಿಂದ ಬಂದವರಿಗೆ ಎಲಿಜಿಬಿಲಿಟಿ ಅನ್ನೋ ಇನ್ನೊಂದು ಕೆಲಸ ಇದೆ. ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಕರ್ನಾಟಕದ ಪಿಯುಸಿ ಮುಗಿಸಿ ಸೇರಿದವರ ಅಡ್ಮಿಷನ್ ಆ ಅರ್ಜಿ ಮಂಜೂರಾಗುವವರೆಗೆ ತಾತ್ಕಾಲಿಕ. ಅದಕ್ಕೆ ಟಿಸಿ ಜೊತೆ ಮಂಡಳಿಯ ಮೈಗ್ರೇಷನ್ ಸರ್ಟಿಫಿಕೇಟ್ ಬೇಕು. ಓರಿಯೆಂಟೇಷನ್ ದಿನ ಇದರ ಬಗ್ಗೆ ವೇದಿಕೆ ಮೇಲೆ ಯಾರೂ ಮಾತಾಡಲಿಲ್ಲ, ಯಾಕಂದರೆ ಅಲ್ಲಿ ಕೂತ ನೂರರಲ್ಲಿ ತೊಂಬತ್ತು ಮಕ್ಕಳಿಗೆ ಅದು ಬೇಕಾಗಿಲ್ಲ. ನೋಟಿಸ್ ಬೋರ್ಡಿನಲ್ಲಿ ಮರಾಠಿಯಲ್ಲಿ ಒಂದು ಸಾಲು ಇತ್ತು, ಅಷ್ಟೇ. ಟಿಸಿ, ಮೈಗ್ರೇಷನ್ ಎರಡನ್ನೂ ಕೊಡುವ ಮೊದಲು ಮೂರು ಜೆರಾಕ್ಸ್ ಇಟ್ಟುಕೊಳ್ಳಿ, ಕೊಟ್ಟಿದ್ದಕ್ಕೆ ಸಹಿ ಪಡೆಯಿರಿ. ಮೂಲ ಅಂಕಪಟ್ಟಿಯನ್ನು ಮಾತ್ರ ಬಿಟ್ಟು ಬರಬೇಡಿ. ಅದನ್ನು ನೋಡಿ ತಾಳೆ ಮಾಡಿ ವಾಪಸ್ಸು ಕೊಡಬೇಕು ಅಂತ ಯುಜಿಸಿ 2018ರಲ್ಲೇ ಹೇಳಿದೆ.

ಈಗ ನಾನು ಎಡವಿದ್ದು. ಇಮೇಲ್.

ಅವಳ ಅಡ್ಮಿಷನ್ ಅರ್ಜಿ ತುಂಬಿದ್ದು ಅರಸೀಕೆರೆಯ ಒಂದು ಸೈಬರ್ ಸೆಂಟರಿನಲ್ಲಿ. ಅಲ್ಲಿನ ಹುಡುಗ ಬೇಗ ಮುಗಿಯಲಿ ಅಂತ ಇಮೇಲ್ ಜಾಗದಲ್ಲಿ ತನ್ನದೇ ಇಮೇಲ್ ಹಾಕಿದ್ದ. ಕೆಟ್ಟ ಉದ್ದೇಶ ಏನೂ ಇಲ್ಲ, ಎಲ್ಲಾ ಕಡೆ ಹಾಗೇ ಮಾಡ್ತಾರೆ. ಕಾಲೇಜಿನವರು ಕ್ಯಾಂಪಸ್ ಇಮೇಲಿನ ಹೆಸರು, ಮೊದಲ ಪಾಸ್‌ವರ್ಡ್ ಎರಡನ್ನೂ ಕಳಿಸಿದ್ದು ಆ ವಿಳಾಸಕ್ಕೆ. ನಾವು ಇಲ್ಲಿ "ಇನ್ನೂ ಬಂದಿಲ್ಲ, ನಾಳೆ ಬರಬಹುದು" ಅಂತ ಕಾಯ್ತಾ ಇದೀವಿ. ಅರ್ಜಿಯ ಪ್ರಿಂಟ್ ನನ್ನ ಕೈಯಲ್ಲೇ ಇತ್ತು. ಹೆಸರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳು, ಅದರ ಕೆಳಗೆ ನಾಲ್ಕನೇ ಸಾಲಿನಲ್ಲಿದ್ದ ಇಮೇಲ್ ನೋಡಲಿಲ್ಲ.

ಐದನೇ ದಿನ ಗೆಳತಿಯರು ವಾಟ್ಸಾಪಿನಲ್ಲಿ ಒಂದು ಗೂಗಲ್ ಫಾರಂ ಕೊಂಡಿ ಕಳಿಸಿದರು. ಹೊಸ ಶಿಕ್ಷಣ ನೀತಿಯ ಪ್ರಕಾರ ಮೊದಲ ಸೆಮಿಸ್ಟರಿಗೆ ಒಂದು ಓಪನ್ ಇಲೆಕ್ಟಿವ್ ಆರಿಸಬೇಕು. ಸೀಟು ಸೀಮಿತ, ಮೊದಲು ಬಂದವರಿಗೆ ಮೊದಲು. ಇವಳು ತೆರೆದರೆ ಪರದೆ ಮೇಲೆ ಹೀಗೆ ಬಂತು:

```
This form can only be viewed by users in the owner's organization.
```

ಕಾಲೇಜಿನ ಇಮೇಲಿನಿಂದ ಲಾಗಿನ್ ಆದವರಿಗೆ ಮಾತ್ರ ಈ ಫಾರಂ ತೆರೆಯುತ್ತೆ ಅಂತ ಇದರರ್ಥ. ಫೋನಿನಲ್ಲಿ ನಮ್ಮ ಸ್ವಂತ ಜಿಮೇಲ್ ಮೊದಲೇ ತೆರೆದಿರುತ್ತಲ್ಲ, ಕೊಂಡಿ ಒತ್ತಿದರೆ ಅದರಿಂದಲೇ ತೆರೆಯೋಕೆ ನೋಡುತ್ತೆ. ಕ್ಯಾಂಪಸ್ ಇಮೇಲ್ ಇದ್ದವರಿಗೂ ಎಷ್ಟೋ ಸಲ ಇದೇ ಮಾತು ಬರೋದು ಅದಕ್ಕೇ. ಅಂಥವರು ಮೇಲಿನ ಮೂಲೆಯ ಗುಂಡು ಚಿತ್ರ ಒತ್ತಿ ಖಾತೆ ಬದಲಿಸಿದರೆ ಆಯ್ತು. ಕಂಪ್ಯೂಟರಿನಲ್ಲಾದರೆ ಕ್ರೋಮ್‌ನಲ್ಲಿ ಕಾಲೇಜಿಗೆ ಬೇರೆಯೇ ಪ್ರೊಫೈಲ್ ಮಾಡಿಟ್ಟರೆ ಈ ರಗಳೆಯೇ ಇಲ್ಲ. ನಮಗೆ ಬದಲಿಸೋಕೆ ಖಾತೆಯೇ ಇರಲಿಲ್ಲ.

ಆಗ ಹೊಳೆದು, ಅರ್ಜಿ ತೆಗೆದು ನೋಡಿ, ಅರಸೀಕೆರೆಗೆ ಫೋನ್ ಮಾಡಿದೆವು. ಆ ಹುಡುಗ ಪಾಪ ಸಂಜೆ ಅಂಗಡಿಗೆ ಬಂದ ಮೇಲೆ ಹುಡುಕಿ ಕಳಿಸಿದ. ಸಂದೇಶ ಬಂದು ಆರು ದಿನವಾಗಿತ್ತು. ಅಷ್ಟು ಹೊತ್ತಿಗೆ ಫಾರಂ ಮುಚ್ಚಿತ್ತು. ಮರುದಿನ ಅರ್ಜಿ, ರಸೀದಿ ಹಿಡಿದು ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆವು. ಒಳ್ಳೆಯವರು, ಕೂರಿಸಿ ಮಾತಾಡಿಸಿದರು, ಆದರೆ ಇದ್ದದ್ದನ್ನೇ ಕೊಡೋಕಾಗೋದು. ಸಹನಾಗೆ ಬೇಕಿದ್ದದ್ದು ಸಂಖ್ಯಾಶಾಸ್ತ್ರ, ಸಿಕ್ಕಿದ್ದು ಪ್ರವಾಸೋದ್ಯಮ. "ಹೋಗ್ಲಿ ಬಿಡಿ ದೊಡ್ಡಮ್ಮ, ಊರೂರು ಸುತ್ತೋದನ್ನೇ ಓದ್ತೀನಿ" ಅಂದಳು. ಅವಳು ನಕ್ಕಳು. ನನಗೆ ಮಾತ್ರ ಆ ದಿನ ರಾತ್ರಿ ನಿದ್ದೆ ಬರಲಿಲ್ಲ.

ಹಾಗಾಗಿ ಅರ್ಜಿಯ ಪ್ರಿಂಟಿನಲ್ಲಿ ಇಮೇಲ್ ಮತ್ತು ಮೊಬೈಲ್ ಯಾರದ್ದು ಅಂತ ಇವತ್ತೇ ನೋಡಿ. ಬೇರೆಯವರದ್ದಾದರೆ ಹೆಸರು ತಿದ್ದೋ ಅರ್ಜಿಯಲ್ಲೇ ಅದನ್ನೂ ಸೇರಿಸಿ. ಮೊದಲ ಸಲ ಲಾಗಿನ್ ಆದ ಕೂಡಲೇ ಪಾಸ್‌ವರ್ಡ್ ಬದಲಿಸಿ, ಮರೆತರೆ ವಾಪಸ್ಸು ಪಡೆಯೋಕೆ ನಿಮ್ಮ ಸ್ವಂತ ಮೊಬೈಲ್ ಸಂಖ್ಯೆ ಹಾಕಿ. ದಿನಕ್ಕೆ ಒಂದು ಸಲ ತೆರೆದು ನೋಡಿ. ವಾಟ್ಸಾಪ್ ಗುಂಪಿನಲ್ಲಿ ಎಲ್ಲಾ ಬರುತ್ತೆ ಅನ್ನೋದು ಸುಳ್ಳು, ಬಂದರೂ ಒಂದು ದಿನ ತಡವಾಗಿ ಬರುತ್ತೆ. ಆದರೆ ಬ್ಯಾಂಕು, ಡಿಜಿಲಾಕರ್, ನೌಕರಿ ಅರ್ಜಿ ಇವಕ್ಕೆಲ್ಲ ಈ ವಿಳಾಸ ಕೊಡಬೇಡಿ. ಕೋರ್ಸ್ ಮುಗಿದ ಮೇಲೆ ಕಾಲೇಜು ಆ ಖಾತೆಯನ್ನು ಮುಚ್ಚಿಬಿಡಬಹುದು, ಆಗ ಒಟಿಪಿ ಬರೋ ಬಾಗಿಲೇ ಇರಲ್ಲ.

ಲೈಬ್ರರಿ ವಿಷಯ ಇಷ್ಟು ಕಷ್ಟದ್ದಲ್ಲ. ಅಡ್ಮಿಷನ್ ಆದರೆ ಲೈಬ್ರರಿ ಸದಸ್ಯತ್ವ ತಾನಾಗಿಯೇ ಬಂತು ಅಂತ ಮಕ್ಕಳು ತಿಳಿದಿರ್ತಾರೆ. ಹಾಗಲ್ಲ, ಲೈಬ್ರರಿಯ ಕಂಪ್ಯೂಟರ್ ಬೇರೆ, ಅಲ್ಲಿಗೆ ಹೆಸರುಗಳು ಒಂದು ಕಂತಿನಲ್ಲಿ ಹೋಗ್ತವೆ. ಕೂತು ಓದೋಕೆ ರಸೀದಿ ಸಾಕು, ಪುಸ್ತಕ ಮನೆಗೆ ತರೋಕೆ ಅಲ್ಲಿ ಬೇರೆ ಅರ್ಜಿ, ಒಂದು ಫೋಟೋ ಬೇಕು. ಮುಂದೆ ಬರೋ ಐಡಿ ಕಾರ್ಡಿನ ಬಾರ್‌ಕೋಡೇ ಸದಸ್ಯತ್ವದ ಸಂಖ್ಯೆ ಆಗಿರುತ್ತೆ ಸಾಮಾನ್ಯವಾಗಿ. ಆ ಅರ್ಜಿ ಕೊಡೋಕೆ ಹೋದಾಗಲೇ ಬುಕ್ ಬ್ಯಾಂಕ್ ಇದೆಯಾ ಅಂತ ಬಾಯಿಬಿಟ್ಟು ಕೇಳಿ. ಇದ್ದರೆ ಒಂದು ಸೆಮಿಸ್ಟರಿಗೆ ಪಠ್ಯಪುಸ್ತಕಗಳ ಇಡೀ ಕಟ್ಟು ಕೊಡ್ತಾರೆ, ಕಟ್ಟುಗಳು ಇರೋದು ಕಡಿಮೆ, ಅರ್ಜಿ ಹಾಕೋ ದಿನಗಳೂ ಕಡಿಮೆ. ಪುಸ್ತಕ ಕೈಗೆ ತಗೊಂಡಾಗಲೇ ಹರಿದ ಹಾಳೆ ಇದ್ದರೆ ಅಲ್ಲೇ ತೋರಿಸಿ ಬರೆಸಿ. ಇಲ್ಲದಿದ್ದರೆ ಹಿಂದಿರುಗಿಸುವಾಗ ಹರಿದವರು ನೀವೇ ಆಗ್ತೀರಿ, ಆ ದಂಡ ಅನಾಮತ್ತಿನಿಂದ ಕಳೀತಾರೆ.

ಕಪಾಟುಗಳ ಮೇಲೆ ಬರೆದಿರೋ ಸಂಖ್ಯೆ ನೋಡಿ ಗಾಬರಿ ಬೇಡ. ಅದು ವಿಷಯದ ಸಂಖ್ಯೆ. ಡ್ಯೂಯಿ ಪದ್ಧತಿ ಇರೋ ಲೈಬ್ರರಿಯಲ್ಲಿ ಅಕೌಂಟೆನ್ಸಿ ಅಂದರೆ 657, ಅರ್ಥಶಾಸ್ತ್ರ 330. ಸಹನಾ ಈಗ ಕ್ಯಾಟಲಾಗ್ ಕಂಪ್ಯೂಟರ್ ಮುಟ್ಟದೆ ಸೀದಾ 657ಕ್ಕೆ ಹೋಗಿ ನಿಲ್ಲುತ್ತಾಳೆ. ಇನ್ನೊಂದು, ಕಾಲೇಜು ಎನ್‌-ಲಿಸ್ಟ್ ಯೋಜನೆಯಲ್ಲಿ ಇದ್ದರೆ ಮನೆಯಿಂದಲೇ ಇ-ಪುಸ್ತಕ, ಪತ್ರಿಕೆ ಓದಬಹುದು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸೋದು ಅದು, ವಿಳಾಸ nlist.inflibnet.ac.in. ಅದಕ್ಕೆ ನೀವೇ ಹೋಗಿ ಖಾತೆ ತೆರೆಯೋದಲ್ಲ, ಲೈಬ್ರೇರಿಯನ್ ನಿಮ್ಮ ಹೆಸರು ಸೇರಿಸಬೇಕು. ಕೇಳಿದವರದ್ದು ಮಾತ್ರ ಸೇರುತ್ತೆ. ಲಾಗಿನ್ ವಿವರ ಬರೋದು ಮತ್ತೆ ಇಮೇಲಿಗೇ.

ಓರಿಯೆಂಟೇಷನ್ ಅಂತ ಅರ್ಧ ದಿನ ಭಾಷಣ ಇತ್ತು. ಭಾಷಣದ ಮಧ್ಯೆ ಒಂದು ಹಾಳೆಯಲ್ಲಿ ಸಹಿ ಮಾಡಿಸಿಕೊಂಡು ಹೋದರು, ಡಿವಿಷನ್ ಮತ್ತು ರೋಲ್ ನಂಬರ್ ಹಾಕಿದ್ದು ಆ ಹಾಳೆಯ ಪ್ರಕಾರ. ಹಿಂದೆ ಕೂತು ಹರಟೆ ಹೊಡೆದವರಿಗೆ ಹಾಳೆ ಮುಟ್ಟಲಿಲ್ಲ. ಅದೇ ದಿನ ಹೇಳಿ, ಎರಡೇ ವಾಕ್ಯದಲ್ಲಿ ಮುಗಿಸಿದ ಇನ್ನೊಂದು ಕೆಲಸ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ. ಯುಜಿಸಿಯ 2009ರ ನಿಯಮದಂತೆ ವಿದ್ಯಾರ್ಥಿ, ಪೋಷಕರು ಇಬ್ಬರೂ ಕೊಡಬೇಕು, ಪ್ರತಿ ವರ್ಷ ಕೊಡಬೇಕು. antiragging.in ನಲ್ಲಿ ತುಂಬಿದರೆ ಒಂದು ಸಂಖ್ಯೆ ಇಮೇಲಿಗೆ ಬರುತ್ತೆ, ಆ ಸಂಖ್ಯೆಯನ್ನು ಕಾಲೇಜಿಗೆ ತಲುಪಿಸಬೇಕು. ಇಲ್ಲಿ ಮತ್ತೆ ಸೈಬರ್ ಸೆಂಟರಿನ ಇಮೇಲ್ ಹಾಕಿಸಬೇಡಿ ಅಂತ ಹೇಳಬೇಕಾಗಿಲ್ಲ ಅಲ್ವಾ. ತೊಂದರೆಯಾದರೆ ಸಹಾಯವಾಣಿ 1800-180-5522, ಹಗಲು ರಾತ್ರಿ ಇರುತ್ತೆ. ಮಗುವಿನ ಫೋನಿನಲ್ಲಿ ಅದನ್ನು ಉಳಿಸಿಡಿ.

ಇನ್ನು ಓಡಾಟ. ಸಹನಾ ಚಿಂಚವಡದಿಂದ ಶಿವಾಜಿನಗರಕ್ಕೆ ಲೋಕಲ್ ಟ್ರೇನಿನಲ್ಲಿ ಹೋಗ್ತಾಳೆ. ಐಡಿ ಕಾರ್ಡು ತೋರಿಸಿದರೆ ರಿಯಾಯಿತಿ ಪಾಸು ಸಿಗುತ್ತೆ ಅಂದುಕೊಳ್ಳಬೇಡಿ. ಮನೆಯ ಹತ್ತಿರದ ಸ್ಟೇಷನ್ನಿನಿಂದ ಕಾಲೇಜಿನ ಹತ್ತಿರದ ಸ್ಟೇಷನ್ನಿಗೆ ಅಂತ ಕಾಲೇಜು ತುಂಬಿ ಸೀಲು ಹಾಕಿ ಕೊಡೋ ರಿಯಾಯಿತಿ ಫಾರಂ ಬೇಕು. ಅದಕ್ಕೆ ಹೋದರೆ, "ಆಧಾರಿನಲ್ಲಿ ಅರಸೀಕೆರೆ ಇದೆ, ಚಿಂಚವಡ ಹೇಗೆ ಬರೆಯೋದು" ಅಂದರು. ನನ್ನ ಹೆಸರಿನ ಕರೆಂಟ್ ಬಿಲ್ಲಿನ ಜೆರಾಕ್ಸ್, ಅವಳು ನಮ್ಮ ಮನೆಯಲ್ಲಿದ್ದಾಳೆ ಅಂತ ನನ್ನದೊಂದು ಪತ್ರ ಕೊಟ್ಟ ಮೇಲೆ ಒಪ್ಪಿದರು. ಅದನ್ನು ಮೊದಲೇ ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದರೆ ಒಂದು ದಿನ ಉಳೀತಿತ್ತು. ಬೋನಫೈಡ್ ಕೇಳುವಾಗಲೂ ಯಾವುದಕ್ಕೆ ಅಂತ ಬರೆದು ಕೇಳಿ. ಬ್ಯಾಂಕ್ ಖಾತೆಗೆ ಅಂತ ಬರೆದ ಬೋನಫೈಡನ್ನು ಸ್ಕಾಲರ್‌ಶಿಪ್‌ನವರು ತಗೊಳಲ್ಲ.

ಐಡಿ ಕಾರ್ಡು ಬಂದದ್ದು ಇಪ್ಪತ್ತಾರನೇ ದಿನ. ಹೆಸರು SAHANA H R, ಸರಿಯಾಗಿತ್ತು. ರಕ್ತದ ಗುಂಪು ಮಾತ್ರ ತಪ್ಪಾಗಿತ್ತು, ಬಿ ಪಾಸಿಟಿವ್ ಬದಲು ಓ ಪಾಸಿಟಿವ್. "ಇರ್ಲಿ ಬಿಡಿ ದೊಡ್ಡಮ್ಮ" ಅಂದಳು. ಇರಲಿ ಅಂತ ಬಿಡೋ ವಿಷಯ ಅಲ್ಲ ಅದು. ಮರುದಿನ ಬೆಳಿಗ್ಗೆ ಇಬ್ಬರೂ ಮತ್ತೆ ಖಿಡಕಿ ಮುಂದೆ ನಿಂತೆವು. ಗುಮಾಸ್ತರು ತಲೆಯೆತ್ತಿ, "ಪಾವತಿ?" ಅಂದರು. ಸಹನಾ ಮಾತಾಡದೆ ಜೆರಾಕ್ಸ್ ಮುಂದಿಟ್ಟಳು.